ಶನಿವಾರ ಹನ್ನೊಂದೂವರೆಗೆ ಯಾರು ಬರುತ್ತಾರೆ?

ಶಾಲಾನುಭವಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ನಾವು ಪಾಠ ಟಿಪ್ಪಣಿ ಬರೆಯಲು ಕಲಿಸುತ್ತೇವೆ, ಘಟಕ ಪರೀಕ್ಷೆಯ ನೀಲನಕ್ಷೆ ಮಾಡಲು ಕಲಿಸುತ್ತೇವೆ, ಹಾಜರಿ ಪುಸ್ತಕ ತುಂಬಲು ಕಲಿಸುತ್ತೇವೆ. ಪಾಲಕರಿಗೆ ನಾಲ್ಕು ಸಾಲು ಬರೆಯಲು ಮಾತ್ರ ಯಾರೂ ಕಲಿಸುವುದಿಲ್ಲ. ಆದರೆ ಶಾಲೆಗೆ ಹೋದ ಎರಡನೆಯ ವಾರದಲ್ಲೇ ಮಾರ್ಗದರ್ಶಕ ಶಿಕ್ಷಕರು, ‘ಆ ಹುಡುಗಿಯ ಮನೆಯವರು ದಿನಾ ತಡವಾಗಿ ಬರ್ತಾರೆ, ಒಂದು ಮೆಸೇಜ್ ಹಾಕು’ ಎಂದು ಹೇಳುವುದು ನಮ್ಮ ಕಡೆಯ ಶಾಲೆಗಳಲ್ಲಿ ಸಾಮಾನ್ಯ. ಆ ಮೆಸೇಜಿನ ಬಗ್ಗೆ ಈ ಲೇಖನ. ಅದೂ ಬರವಣಿಗೆಯ ಕೆಲಸ, ಅದಕ್ಕೂ ಪೂರ್ವಸಿದ್ಧತೆ ಬೇಕು, ಮತ್ತು ಅದನ್ನು ಬೋಧನಾಭ್ಯಾಸದ ಕಡತದಲ್ಲಿ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ. ಶಿಕ್ಷಣ ಹಕ್ಕು ಕಾಯ್ದೆ 2009ರ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ ಪಾಲಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆಗಳನ್ನು ತಿಳಿಸುವುದನ್ನೂ ಸೇರಿಸಿದೆ. ಪಾಲಕರ ಜತೆಗಿನ ಮಾತು ಪಾಠದ ಹೊರಗಿನ ಉಪಕಾರವಲ್ಲ.

ಸಾಮಾನ್ಯವಾಗಿ ಕಡತದಲ್ಲಿ ಬರುವ ಕರಡು ಎರಡು ಬಗೆಯದು. ಒಂದು ಹೀಗಿರುತ್ತದೆ: ‘ಪಾಲಕರ ಗಮನಕ್ಕೆ. ಹಲವು ಬಾರಿ ತಿಳಿಸಿದರೂ ಕೆಲವರು ಮಕ್ಕಳನ್ನು ಸಮಯಕ್ಕೆ ಸರಿಯಾಗಿ ಕರೆದೊಯ್ಯುತ್ತಿಲ್ಲ. ಇದು ಬೇಜವಾಬ್ದಾರಿತನ. ಇನ್ನು ಮುಂದೆ ತಡವಾದಲ್ಲಿ ಶಾಲೆ ಜವಾಬ್ದಾರಿಯಲ್ಲ.’ ಇನ್ನೊಂದು: ‘ದಯವಿಟ್ಟು ಸಾಧ್ಯವಾದಷ್ಟು ಬೇಗ ಬರಲು ಪ್ರಯತ್ನಿಸಬೇಕೆಂದು ಕಳಕಳಿಯ ವಿನಂತಿ.’

ಮೊದಲನೆಯದು ಗಡಸು, ಎರಡನೆಯದು ಮೆದು ಎಂದು ನಮ್ಮ ಪ್ರಶಿಕ್ಷಣಾರ್ಥಿಗಳು ಹೇಳುತ್ತಾರೆ. ಎರಡರ ಮಧ್ಯದ ದನಿ ಹುಡುಕಿದರೆ ಸಾಕು ಎಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡರ ದೋಷವೂ ಒಂದೇ: ಯಾವ ದಿನ, ಎಷ್ಟು ಹೊತ್ತು, ಯಾವ ಮಗು ಎಂಬುದು ಎರಡರಲ್ಲೂ ಇಲ್ಲ. ‘ಕೆಲವರು’ ಎಂದರೆ ಯಾರು? ಅರ್ಧ ಗಂಟೆ ತಡವಾಗುವವರು ತಮಗಲ್ಲ ಎಂದು ಬಿಡುತ್ತಾರೆ. ವರ್ಷಕ್ಕೊಮ್ಮೆ ಐದು ನಿಮಿಷ ತಡವಾದವರು ರಾತ್ರಿಯಿಡೀ ಕೊರಗುತ್ತಾರೆ. ಜೊತೆಗೆ ಮೊದಲನೆಯ ಕರಡಿನ ಕೊನೆಯ ಮಾತು ಸುಳ್ಳು. ಐದು ವರ್ಷದ ಮಗು ಶಾಲೆಯ ಆವರಣದಲ್ಲಿದ್ದಷ್ಟು ಹೊತ್ತು, ನಂಬಿಗಸ್ತ ಕೈಗೆ ಒಪ್ಪಿಸುವವರೆಗೆ, ಅದರ ಜವಾಬ್ದಾರಿ ಶಾಲೆಯದೇ. ನಡೆಸಲಾಗದ ಬೆದರಿಕೆಯನ್ನು ಒಮ್ಮೆ ಬರೆದರೆ ಮುಂದಿನ ಮಾತಿಗೆ ತೂಕ ಉಳಿಯುವುದಿಲ್ಲ.

ಅಭ್ಯಾಸಕ್ಕೆಂದು ಒಂದು ಪ್ರಕರಣ ಕಟ್ಟಿಕೊಳ್ಳೋಣ. ಕಾರವಾರ ಮತ್ತು ಅಂಕೋಲೆಯ ನಡುವೆ ಹೆದ್ದಾರಿ ಪಕ್ಕದ ಒಂದು ಪ್ರಾಥಮಿಕ ಶಾಲೆ, ಅವರ್ಸಾ ಕಡೆಯದು ಎಂದಿಟ್ಟುಕೊಳ್ಳಿ. ಯುಕೆಜಿ ಮಕ್ಕಳನ್ನು 3-30ಕ್ಕೆ ಬಿಡುತ್ತಾರೆ, ದೊಡ್ಡ ತರಗತಿಗಳನ್ನು 4-20ಕ್ಕೆ. ಶನಿವಾರ ಬೆಳಗಿನ ಶಾಲೆ, 11-30ಕ್ಕೆ ಎಲ್ಲರಿಗೂ ಬಿಡುವು. ಯುಕೆಜಿಯ ಒಬ್ಬ ಹುಡುಗಿಯ ತಾಯಿ ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾಳೆ, ತಂದೆ ಟ್ರಾಲರ್ ಬೋಟಿನಲ್ಲಿ ಕೆಲಸಕ್ಕಿದ್ದಾನೆ. ಜೂನ್, ಜುಲೈನಲ್ಲಿ ಈ ಮಗುವನ್ನು ಕರೆದೊಯ್ಯಲು ತಂದೆಯೇ ಹೊತ್ತಿಗೆ ಮುಂಚೆ ಬಂದು ಗೇಟಿನ ಬಳಿ ನಿಂತಿರುತ್ತಿದ್ದ. ಆಗಸ್ಟಿನಲ್ಲಿ ತಡ ಶುರುವಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಶಾಲೆ ತೆರೆಯುವಾಗ ಬೋಟುಗಳು ದಡದಲ್ಲಿರುತ್ತವೆ, ಬೋಟಿನವರು ಮನೆಯಲ್ಲಿರುತ್ತಾರೆ. ಆಗಸ್ಟಿನಲ್ಲಿ ಬೋಟು ಇಳಿದ ಕೂಡಲೇ ಮನೆಯ ದಿನಚರಿ ಬದಲಾಗುತ್ತದೆ. ‘ಮೊದಲು ಸರಿಯಾಗಿ ಬರುತ್ತಿದ್ದರು, ಈಗ ಅಸಡ್ಡೆ’ ಎಂದು ಶಿಕ್ಷಕರು ಹೇಳುವುದು ಇದೇ ತಿಂಗಳಲ್ಲಿ. ಅದು ಅಸಡ್ಡೆಯಲ್ಲ, ಹಂಗಾಮು. ಇದೇ ರೀತಿ ಕೈಗಾದಲ್ಲೋ ನೌಕಾನೆಲೆಯ ಕಾಮಗಾರಿಯಲ್ಲೋ ಪಾಳಿಯ ಮೇಲೆ ಹೋಗುವವರ ಮನೆಗಳಲ್ಲಿ ಪಾಳಿ ತಿರುಗಿದ ವಾರ ತಡವಾಗುತ್ತದೆ. ಯಾವ ಮನೆಯ ಗಡಿಯಾರ ಯಾವುದಕ್ಕೆ ತಿರುಗುತ್ತದೆ ಎಂದು ತಿಳಿಯದೆ ಬರೆದ ಮೆಸೇಜು ಗೋಡೆಗೆ ಹೇಳಿದ ಹಾಗೆ.

ಆದ್ದರಿಂದ ಬರೆಯುವ ಮೊದಲು ಎಣಿಸಬೇಕು. ನೋಟುಪುಸ್ತಕದ ಒಂದು ಪುಟದಲ್ಲಿ ಎರಡು ವಾರ ಇಷ್ಟು ಗುರುತು ಹಾಕಿ: ದಿನಾಂಕ, ವಾರ, ಮಗುವನ್ನು ಒಪ್ಪಿಸಿದ ಹೊತ್ತು, ಯಾರು ಬಂದರು, ಮುಂಚೆ ಫೋನು ಬಂದಿತ್ತೇ. ನಮ್ಮ ಪ್ರಕರಣದಲ್ಲಿ ಹನ್ನೆರಡು ಶಾಲಾದಿನಗಳಲ್ಲಿ ಏಳು ದಿನ ತಡ. ಎರಡು ಸೋಮವಾರ 40 ಮತ್ತು 45 ನಿಮಿಷ. ಎರಡು ಗುರುವಾರ 35 ಮತ್ತು 50 ನಿಮಿಷ. ಒಂದು ಬುಧವಾರ 10 ನಿಮಿಷ. ಶನಿವಾರಗಳಲ್ಲಿ 70 ಮತ್ತು 80 ನಿಮಿಷ. ಎಲ್ಲ ಸೇರಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ. ‘ದಿನಾ ತಡ’ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು. ಐದು ದಿನ ಆಕೆ ಹೊತ್ತಿಗೆ ಸರಿಯಾಗಿ ಬಂದಿದ್ದಾಳೆ.

ಪುಟ ನೋಡಿದರೆ ವಾರಗಳು ಕಾಣುತ್ತವೆ. ಸೋಮವಾರ, ಗುರುವಾರ, ಶನಿವಾರ ಮೀನು ತಿನ್ನದ ಮನೆಗಳು ನಮ್ಮಲ್ಲಿ ಬಹಳ. ಆ ದಿನ ಬುಟ್ಟಿ ಬೇಗ ಖಾಲಿಯಾಗುವುದಿಲ್ಲ, ಉಳಿದ ಮೀನನ್ನು ಕಡಿಮೆ ಬೆಲೆಗೆ ಕೊಟ್ಟು ಏಳಬೇಕು ಇಲ್ಲವೇ ಕೂತು ಮಾರಬೇಕು. ಶನಿವಾರ ಇನ್ನೂ ಕಷ್ಟ. ಶಾಲೆಗೆ ಅರ್ಧ ದಿನ, ಪೇಟೆಗೆ ಪೂರ್ತಿ ದಿನ. ಬುಧವಾರದ ಹತ್ತು ನಿಮಿಷಕ್ಕೆ ಬಸ್ಸು ಕಾರಣವಿರಬಹುದು, ಅದನ್ನು ಲೆಕ್ಕದಿಂದ ಬಿಡಿ. ಇದು ಶಿಕ್ಷಕಿಯ ಊಹೆ ಮಾತ್ರ, ಹೌದೋ ಅಲ್ಲವೋ ಎಂದು ತಾಯಿಯನ್ನೇ ಕೇಳಬೇಕು. ಆದರೆ ಊಹೆ ಇದ್ದರೆ ಕೇಳುವ ಪ್ರಶ್ನೆ ಬದಲಾಗುತ್ತದೆ. ‘ಯಾಕೆ ತಡ?’ ಎಂಬುದರ ಬದಲು ‘ಸೋಮವಾರ, ಗುರುವಾರ ಮಾರಾಟ ನಿಧಾನವೇ?’ ಎಂದು ಕೇಳಬಹುದು. ಮೊದಲನೆಯ ಪ್ರಶ್ನೆಗೆ ಉತ್ತರವಾಗಿ ಕ್ಷಮೆ ಬರುತ್ತದೆ, ಎರಡನೆಯದಕ್ಕೆ ವಿಷಯ ಬರುತ್ತದೆ.

ಇನ್ನೊಂದು ಕಡೆಯ ಲೆಕ್ಕವನ್ನೂ ಮಾಡಬೇಕು: ಶಾಲೆ ಏನು ಕೊಡಬಲ್ಲದು? ಸೋಮವಾರ, ಗುರುವಾರದ ತಡ ಹೆಚ್ಚೆಂದರೆ 50 ನಿಮಿಷ. ಅಂದರೆ 4-20. ಅಷ್ಟು ಹೊತ್ತಿಗೆ ಶಾಲೆ ಇನ್ನೂ ನಡೆಯುತ್ತಿರುತ್ತದೆ! ಎರಡನೆಯ ತರಗತಿಯ ಮೂಲೆಯಲ್ಲಿ ಬಣ್ಣದ ಪುಸ್ತಕ ಹಿಡಿದು ಆ ಮಗು ಕೂರಬಹುದು. ಅದಕ್ಕೆ ಮುಖ್ಯಾಧ್ಯಾಪಕರ ಒಪ್ಪಿಗೆ ಬೇಕು, ಎರಡನೆಯ ತರಗತಿಯ ಶಿಕ್ಷಕರ ಒಪ್ಪಿಗೆ ಅದಕ್ಕಿಂತ ಮುಖ್ಯ. ಆದರೆ ಶನಿವಾರ 11-30ರ ನಂತರ ಶಾಲೆ ಬೀಗ ಹಾಕುತ್ತದೆ. ಒಬ್ಬ ಶಿಕ್ಷಕಿ ಒಂದೂಕಾಲು ಗಂಟೆ ಒಬ್ಬಳೇ ಒಂದು ಮಗುವಿನ ಜತೆ ಕೂರಬೇಕು, ಅಂಕೋಲೆಗೆ ಹೋಗುವ ತನ್ನ ಬಸ್ಸು ಬಿಡಬೇಕು. ಆಕೆಯೂ ದುಡಿಯುವ ಹೆಂಗಸೇ, ಆಕೆಯ ಮಗುವೂ ಎಲ್ಲೋ ಕಾಯುತ್ತಿರುತ್ತದೆ. ದುಡಿಯುವ ಕುಟುಂಬಗಳ ಬಗ್ಗೆ ಮರುಗುವಾಗ ಈ ಕುಟುಂಬವನ್ನು ನಮ್ಮ ತರಬೇತಿ ಪುಸ್ತಕಗಳು ಯಾಕೋ ಮರೆಯುತ್ತವೆ.

ಹೀಗೆ ಎರಡೂ ಕಡೆ ಎಣಿಸಿದ ಮೇಲೆ ಗಟ್ಟಿತನ ಎಲ್ಲಿರಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ವಾರದ ದಿನಗಳಲ್ಲಿ ಒಂದು ಹೊತ್ತಿನವರೆಗೆ ಸಡಿಲ, ಶನಿವಾರ ಸಡಿಲವಿಲ್ಲ. ಎಲ್ಲ ದಿನಕ್ಕೂ ಅರ್ಧ ಗಡಸು ಅರ್ಧ ಮೆದು ಎಂಬ ದನಿಗಿಂತ ಇದು ಒಳ್ಳೆಯದು.

ದಂಡ ಹಾಕಿದರೆ ಹೇಗೆ? ಖಾಸಗಿ ಶಾಲೆಯಲ್ಲಿ ಅಭ್ಯಾಸ ಮಾಡಿ ಬಂದವರು ಈ ಪ್ರಶ್ನೆ ಕೇಳದೆ ಇರುವುದಿಲ್ಲ. ಇದಕ್ಕೆ ಇಸ್ರೇಲಿನ ಹೈಫಾ ಊರಿನಲ್ಲಿ ನಡೆದ ಒಂದು ಅಧ್ಯಯನವಿದೆ. ಉರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಅದನ್ನು 2000ರಲ್ಲಿ ಪ್ರಕಟಿಸಿದರು. ಹತ್ತು ಶಿಶುಪಾಲನಾ ಕೇಂದ್ರಗಳಲ್ಲಿ ತಡವಾಗಿ ಬರುವ ಪಾಲಕರನ್ನು 20 ವಾರ ಎಣಿಸಿದರು. ನಾಲ್ಕು ವಾರದ ನಂತರ ಆರು ಕೇಂದ್ರಗಳಲ್ಲಿ, ಹತ್ತು ನಿಮಿಷಕ್ಕಿಂತ ತಡವಾದರೆ ಸಣ್ಣದೊಂದು ದಂಡ ಎಂದು ಗೊತ್ತುಮಾಡಿದರು. ತಡ ಕಡಿಮೆಯಾಗಲಿಲ್ಲ, ಸುಮಾರು ಎರಡು ಪಟ್ಟಾಯಿತು. ದಂಡ ತೆಗೆದ ಮೇಲೂ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಅಲ್ಲಿಯವರೆಗೆ ಶಿಕ್ಷಕಿಯನ್ನು ಕಾಯಿಸುತ್ತೇನೆಂಬ ಮುಜುಗರ ಪಾಲಕರನ್ನು ಓಡಿಸಿ ತರುತ್ತಿತ್ತು. ದಂಡ ಬಂದ ಮೇಲೆ ಆ ಹೊತ್ತು ದುಡ್ಡಿಗೆ ಸಿಗುವ ಸೇವೆಯಾಯಿತು ಎಂದು ಅವರು ವಿವರಿಸಿದರು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಐವತ್ತು ರೂಪಾಯಿ ಒಬ್ಬ ಎಂಜಿನಿಯರನಿಗೆ ಲೆಕ್ಕಕ್ಕಿಲ್ಲ, ಮೀನು ಉಳಿದ ದಿನ ಆ ತಾಯಿಗೆ ಅದು ದೊಡ್ಡ ಮೊತ್ತ. ಒಂದೇ ದಂಡ ಒಬ್ಬರಿಗೆ ಪರವಾನಗಿ, ಇನ್ನೊಬ್ಬರಿಗೆ ಶಿಕ್ಷೆ. ಸರ್ಕಾರಿ ಶಾಲೆಯಲ್ಲಂತೂ ಆ ಮಾತೇ ಎತ್ತಬಾರದು.

ಈಗ ಯಾರಿಗೆ ಕಳುಹಿಸಬೇಕು ಎಂಬ ಪ್ರಶ್ನೆ. ತರಗತಿಯ ವಾಟ್ಸ್ಯಾಪ್ ಗುಂಪಿಗೆ ಖಂಡಿತ ಅಲ್ಲ. ಹೆಸರು ಬರೆಯದಿದ್ದರೂ ಗೇಟಿನಲ್ಲಿ ಯಾರ ಮಗು ನಿಂತಿರುತ್ತದೆ ಎಂದು ಊರಿಗೆಲ್ಲ ಗೊತ್ತು. ದಾಖಲಾತಿ ಪುಸ್ತಕದಲ್ಲಿರುವ ನಂಬರಿಗೆ ಕಳುಹಿಸುವುದೂ ಸಾಲದು. ಆ ನಂಬರು ಹೆಚ್ಚಾಗಿ ತಂದೆಯದು, ಆ ಫೋನು ಆಗಸ್ಟಿನಲ್ಲಿ ಅವನ ಜತೆ ಸಮುದ್ರದಲ್ಲಿರುತ್ತದೆ, ದಡ ಬಿಟ್ಟು ದೂರ ಹೋದರೆ ಸಿಗ್ನಲ್ ಇಲ್ಲ. ಮೂರು ಮೆಸೇಜು ಹಾಕಿದೆವು, ಉತ್ತರವೇ ಇಲ್ಲ ಎಂದು ಸಿಟ್ಟಾಗುವ ಮೊದಲು ಇದನ್ನು ನೋಡಿ. ಮಗುವನ್ನು ಕರೆದೊಯ್ಯಲು ಬರುವವರು ಯಾರೋ ಅವರ ನಂಬರು ಬೇಕು. ಮನೆಯಲ್ಲಿ ಕೊಂಕಣಿ ಮಾತನಾಡುವ, ಕನ್ನಡ ಓದಲು ತಡವರಿಸುವ ತಾಯಿಗೆ ಅದೇ ಮಾತನ್ನು ಧ್ವನಿಯಲ್ಲಿ ಕಳುಹಿಸಬೇಕು. ಕೊಂಕಣಿ ಬಲ್ಲ ಸಹಪಾಠಿ ಇದ್ದರೆ ಅವಳಿಂದ ಹೇಳಿಸಬಹುದು. ಹೊತ್ತು ನೋಡಿ ಕಳುಹಿಸಿ. ಸಂಜೆ ನಾಲ್ಕಕ್ಕೆ ಆಕೆ ಖಾಲಿ ಬುಟ್ಟಿ ಹಿಡಿದು ಬಸ್ಸು ಹತ್ತುತ್ತಿರುತ್ತಾಳೆ, ಆಗ ಬಂದದ್ದು ಬೈಗುಳದ ಹಾಗೇ ಕೇಳುತ್ತದೆ. ರಾತ್ರಿ ಏಳೂವರೆ ಎಂಟರ ಹೊತ್ತು ವಾಸಿ.

ಎಲ್ಲಕ್ಕಿಂತ ಮೊದಲು ಒಂದು ಸಲ ಎದುರಾ ಎದುರು ಮಾತನಾಡಿರಬೇಕು, ಮಗುವಿನ ಮುಂದೆ ಅಲ್ಲ. ಮೆಸೇಜು ಆ ಮಾತಿನ ದಾಖಲೆಯಾಗಿ ಬರಬೇಕು, ಮೊದಲ ಸುದ್ದಿಯಾಗಿ ಅಲ್ಲ. ಮಗುವನ್ನು ಟಪಾಲಿನಂತೆ ಬಳಸಬಾರದು. ‘ನಿನ್ನಮ್ಮ ಇವತ್ತೂ ಬರಲಿಲ್ವಾ?’ ಎಂದು ಇತರ ಮಕ್ಕಳ ಮುಂದೆ ಕೇಳುವುದು ತಮಾಷೆಯಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂಬುದನ್ನು ಪರೀಕ್ಷೆಗೆ ಬರೆದವರು ಗೇಟಿನ ಬಳಿಯೂ ನೆನಪಿಡಬೇಕು.

ಮುಖ್ಯಾಧ್ಯಾಪಕರು ಒಪ್ಪಿದ್ದಾರೆ, ತಾಯಿಯೊಂದಿಗೆ ಮಾತಾಗಿದೆ, ಶನಿವಾರ ಏನಾದರೂ ಮಾಡುತ್ತೇನೆಂದು ಆಕೆ ಹೇಳಿದ್ದಾಳೆ ಎಂದಿಟ್ಟುಕೊಂಡು ಮೆಸೇಜು ಬರೆಯೋಣ:

‘ನಮಸ್ಕಾರ ತಾಯಿ. ನಾನು ಯುಕೆಜಿ ಅಕ್ಕೋರು. ಇವತ್ತು ಗೇಟಿನಲ್ಲಿ ಮಾತಾಡಿದ್ದನ್ನು ಬರೆದು ಕಳಿಸುತ್ತಿದ್ದೇನೆ. ಹೋದ ಎರಡು ವಾರದಲ್ಲಿ ಮಗಳನ್ನು ಕರೆದೊಯ್ಯಲು ಸೋಮವಾರ, ಗುರುವಾರ ಮುಕ್ಕಾಲು ಗಂಟೆಯಷ್ಟು, ಶನಿವಾರ ಒಂದು ಗಂಟೆಗಿಂತ ಹೆಚ್ಚು ತಡವಾಗಿದೆ. ಆ ದಿನಗಳಲ್ಲಿ ನಿಮಗೆ ಪೇಟೆಯಿಂದ ಬೇಗ ಏಳಲು ಆಗುವುದಿಲ್ಲ ಎಂದು ಹೇಳಿದ್ದೀರಿ. ಸೋಮವಾರ ಮತ್ತು ಗುರುವಾರ ಮಗಳು 4-20ರವರೆಗೆ ಎರಡನೇ ತರಗತಿಯಲ್ಲಿ ಕೂರಬಹುದು, ದೊಡ್ಡ ಅಕ್ಕೋರು ಒಪ್ಪಿದ್ದಾರೆ. 4-20 ದಾಟಬಾರದು. ಶನಿವಾರ 11-30ಕ್ಕೆ ಶಾಲೆ ಮುಚ್ಚುತ್ತದೆ, ಆಮೇಲೆ ಮಗುವನ್ನು ನೋಡಿಕೊಳ್ಳುವವರು ಇಲ್ಲಿ ಇರುವುದಿಲ್ಲ. ಆದ್ದರಿಂದ ಶನಿವಾರ 11-30ಕ್ಕೆ ಯಾರು ಬರುತ್ತಾರೆ ಎಂದು ಶುಕ್ರವಾರದೊಳಗೆ ಅವರ ಹೆಸರು, ನಂಬರು ಹೇಳಬೇಕು. ಅವರನ್ನು ಒಮ್ಮೆ ಶಾಲೆಗೆ ಕರೆತಂದು ತೋರಿಸಿ. ಬಸ್ಸು ತಪ್ಪಿದರೆ ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೂ ಸಾಕು, ನಾವೇ ಫೋನ್ ಮಾಡುತ್ತೇವೆ. ದಸರಾ ರಜೆಯವರೆಗೆ ಹೀಗೆ ನಡೆಸೋಣ, ಆಮೇಲೆ ಕೂತು ನೋಡೋಣ.’

ಇದರಲ್ಲಿ ‘ದಯವಿಟ್ಟು’ ಒಂದೂ ಇಲ್ಲ, ‘ಬೇಜವಾಬ್ದಾರಿ’ಯೂ ಇಲ್ಲ. ‘ಮಗು ಅಳುತ್ತದೆ’ ಎಂದೂ ಬರೆದಿಲ್ಲ. ಅಳುತ್ತಿದ್ದರೆ ಬರೆಯಬಹುದು, ತಾಯಿಯ ಕರುಳು ಹಿಂಡಲೆಂದು ಸೇರಿಸಬಾರದು. ‘ಬರಬೇಕು’ ಎಂಬುದರ ಜಾಗದಲ್ಲಿ ‘ಯಾರು ಬರುತ್ತಾರೆ ಎಂದು ಹೇಳಬೇಕು’ ಎಂದಿದೆ. ಈ ವ್ಯತ್ಯಾಸ ದೊಡ್ಡದು. ಆಕೆಯೇ ಬರಬೇಕೆಂದರೆ ಆಕೆ ವ್ಯಾಪಾರ ಬಿಡಬೇಕು, ಶಾಲೆಗೆ ಅದನ್ನು ಕೇಳುವ ಹಕ್ಕಿಲ್ಲ. ಹೊತ್ತಿಗೆ ಸರಿಯಾಗಿ ಒಬ್ಬ ಗೊತ್ತಿರುವ ದೊಡ್ಡವರು ಬರಬೇಕೆಂದು ಕೇಳುವ ಹಕ್ಕು ಪೂರ್ತಿ ಇದೆ. ಅಜ್ಜಿ, ನೆರೆಮನೆಯವರು, ಅದೇ ಕೇರಿಯ ಏಳನೆಯ ತರಗತಿ ಹುಡುಗನ ತಾಯಿ, ಯಾರಾದರೂ ಆದೀತು. ಏಳನೆಯ ತರಗತಿಯ ಹುಡುಗನೇ ಆಗಲಾರ. ಹೆದ್ದಾರಿ ದಾಟಬೇಕಿದ್ದರೆ ಅದು ಮಾತಿಗೂ ಬೇಡ.

ಇಷ್ಟಾದ ಮೇಲೂ ಶನಿವಾರ ಯಾರೂ ಬರದಿದ್ದರೆ? ಗುರುತು ಹಾಕುವ ಪುಟ ಮುಂದುವರಿಯಬೇಕು. ಎರಡು ಶನಿವಾರ ತಪ್ಪಿದರೆ ಇನ್ನೊಂದು ಮೆಸೇಜು ಬೇಡ, ಮುಖ್ಯಾಧ್ಯಾಪಕರ ಕೋಣೆಯಲ್ಲಿ ಮಾತು. ಅಲ್ಲಿಯೂ ಆಗದಿದ್ದರೆ ಎಸ್‌ಡಿಎಂಸಿಯ ಒಬ್ಬ ಮಹಿಳಾ ಸದಸ್ಯೆ ಮನೆಗೆ ಹೋಗಿ ಬರಲಿ, ಬೇರೆ ದಾರಿ ಕಾಣುವುದು ಹೆಚ್ಚಾಗಿ ಅಲ್ಲಿ. 1098 ಮಕ್ಕಳ ಸಹಾಯವಾಣಿಯ ಹೆಸರು ಹೇಳಿ ಹೆದರಿಸುವುದು ತಪ್ಪು. ಸಂಜೆಯಾದರೂ ಯಾರೂ ಬಂದಿಲ್ಲ, ಯಾವ ನಂಬರೂ ಎತ್ತುತ್ತಿಲ್ಲ ಎಂಬ ದಿನಕ್ಕೆ ಅದು ಇರುವುದು, ಆ ನಿರ್ಧಾರವೂ ಮುಖ್ಯಾಧ್ಯಾಪಕರದು.

ಮಳೆಗಾಲದ ಅನಾಹುತವನ್ನು ಈ ಲೆಕ್ಕಕ್ಕೆ ತರಬಾರದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆದು ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಬಿತ್ತು, ಸದಾಶಿವಗಡದ ಕಡೆಯಿಂದ ಪೇಟೆಗೆ ಬರುವವರೆಲ್ಲ ಉಳಿದ ಒಂದೇ ಸೇತುವೆಯ ಮೇಲೆ ಬಂದರು. ಅಂಥ ದಿನ ತಡವಾಗುವವರಿಗೆ ಮೆಸೇಜಲ್ಲ, ‘ಮಗು ನಮ್ಮ ಹತ್ತಿರ ಇದೆ, ನಿಧಾನ ಬನ್ನಿ’ ಎಂಬ ಒಂದು ಫೋನು ಬೇಕು. ಪುಟದಲ್ಲಿ ಆ ದಿನದ ಎದುರು ‘ರಸ್ತೆ’ ಎಂದು ಬರೆದು ಎಣಿಕೆಯಿಂದ ಬಿಡಿ. ಹದಿನೈದು ದಿನಗಳ ಗುರುತಿನಲ್ಲಿ ಒಂದೇ ವಾರ ಮರುಕಳಿಸುವ ತಡವೇ ಬೇರೆ, ಊರೆಲ್ಲ ಒಟ್ಟಿಗೆ ತಡವಾಗುವುದೇ ಬೇರೆ.

ಕೊನೆಯದಾಗಿ ನಮ್ಮವರಿಗೆ ಒಂದು ಮಾತು. ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್ ಒಟ್ಟು 20 ವಾರ, ಅದರಲ್ಲಿ ಎರಡನೆಯ ವರ್ಷದ್ದು 16. ಆಮೇಲೆ ಪ್ರಶಿಕ್ಷಣಾರ್ಥಿ ಹೊರಟುಹೋಗುತ್ತಾಳೆ, ಅವಳು ಕೊಟ್ಟ ಮಾತು ಶಾಲೆಯಲ್ಲಿ ಉಳಿಯುತ್ತದೆ. ಹಾಗಾಗಿ ಕರಡು ಅವಳದಾದರೂ ಮೆಸೇಜು ಮಾರ್ಗದರ್ಶಕ ಶಿಕ್ಷಕಿಯ ಫೋನಿನಿಂದ, ಅವರ ಹೆಸರಿನಲ್ಲಿ ಹೋಗಬೇಕು. ಪ್ರಶಿಕ್ಷಣಾರ್ಥಿಯ ಸ್ವಂತ ನಂಬರು ಪಾಲಕರಲ್ಲಿ ಉಳಿಯಬಾರದು. ಗುರುತಿನ ಪುಟ, ಮೆಸೇಜಿನ ಪ್ರತಿ, ಶನಿವಾರ ಬರುವವರ ಹೆಸರು ಮೂರನ್ನೂ ಒಟ್ಟಿಗೆ ಪಿನ್ ಮಾಡಿ ತರಗತಿಯ ಕಡತಕ್ಕೆ ಸೇರಿಸಿ ಬರಬೇಕು. ದಸರಾ ರಜೆ ಮುಗಿದು ಆ ತಾಯಿ ಮತ್ತೆ ಗೇಟಿಗೆ ಬಂದಾಗ ‘ಕೂತು ನೋಡೋಣ’ ಎಂದದ್ದು ಯಾರು, ಯಾವ ದಿನದ ಬಗ್ಗೆ ಎಂದು ಅಲ್ಲಿರುವ ಅಕ್ಕೋರಿಗೆ ಆ ಕಡತದಿಂದಲೇ ತಿಳಿಯಬೇಕು.